ಎತ್ತಿಗೆ ಮಾಡುವುದೇ ಬೇರೆ, ಗಂಡಸಿಗೆ ಮಾಡುವುದೇ ಬೇರೆ

ನಮ್ಮ ಹಳ್ಳಿಗಳಲ್ಲಿ ಗಂಡಸರ ಸಂತಾನಹರಣ ಆಪರೇಷನ್ ಮಾತೆತ್ತಿದರೆ ಯಾರಾದರೊಬ್ಬರ ಬಾಯಲ್ಲಿ ಎತ್ತು ಬಂದೇ ಬರುತ್ತದೆ. ಬೀಜ ಒಡೆಸಿದ ಹೋರಿ ತಿಂಗಳೊಪ್ಪತ್ತಿನಲ್ಲಿ ತಣ್ಣಗಾಗುವುದನ್ನು, ಹಸುವಿನ ಕಡೆ ತಿರುಗಿಯೂ ನೋಡದೆ ನೊಗಕ್ಕೆ ಕೊರಳು ಕೊಡುವುದನ್ನು ರೈತರು ಕಣ್ಣಾರೆ ಕಂಡಿದ್ದಾರೆ. ಗಂಡಸಿಗೂ ‘ಅಲ್ಲೇ’ ಕತ್ತರಿ ಹಾಕುತ್ತಾರೆಂದ ಮೇಲೆ ಅವನ ಗತಿಯೂ ಅಷ್ಟೇ ಎಂಬುದು ಅವರ ಲೆಕ್ಕ. ಇದನ್ನು ಅಜ್ಞಾನವೆಂದು ತಳ್ಳಿಹಾಕುವ ಆರೋಗ್ಯ ಭಾಷಣಗಳನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ರೈತ ಕಂಡಿದ್ದು ಸುಳ್ಳಲ್ಲ. ಆದರೆ ಅವನು ಕಂಡ ಆಪರೇಷನ್ ಇದಲ್ಲ.

ಹೋರಿಯ ಬೀಜ ಒಡೆಯಲು ಪಶುವೈದ್ಯರು ಬಳಸುವ ದೊಡ್ಡ ಇಕ್ಕಳಕ್ಕೆ ಬರ್ಡಿಜೊ ಎಂದು ಹೆಸರು. ಚರ್ಮ ಕತ್ತರಿಸದೆ, ಹೊರಗಿನಿಂದಲೇ, ವೃಷಣದ ಮೇಲಿನ ಹುರಿಯನ್ನು ಅದು ಜಜ್ಜಿಬಿಡುತ್ತದೆ. ಆ ಹುರಿಯೊಳಗೆ ವೀರ್ಯಾಣು ಸಾಗುವ ನಾಳವೊಂದೇ ಇರುವುದಿಲ್ಲ. ವೃಷಣಕ್ಕೆ ರಕ್ತ ತರುವ ಅಪಧಮನಿ, ರಕ್ತ ಒಯ್ಯುವ ಸಿರೆಗಳು, ನರಗಳು ಎಲ್ಲವೂ ಇರುತ್ತವೆ. ರಕ್ತ ನಿಂತ ಮೇಲೆ ವೃಷಣ ಒಣಗಿ ಸುಕ್ಕಾಗುತ್ತದೆ. ಗಂಡು ಹಾರ್ಮೋನಾದ ಟೆಸ್ಟೋಸ್ಟಿರಾನ್ ತಯಾರಾಗುವುದು ಮುಖ್ಯವಾಗಿ ಅಲ್ಲೇ ಆದ್ದರಿಂದ ಹೋರಿಯ ಗಂಡುಗುಣವೂ ಇಳಿಯುತ್ತದೆ. ಹೋರಿ ಎತ್ತಾಗುವುದು ಹೀಗೆ.

ಗಂಡಸರಿಗೆ ಮಾಡುವ ವ್ಯಾಸೆಕ್ಟಮಿಯಲ್ಲಿ ವೈದ್ಯರು ಅದೇ ಹುರಿಯಿಂದ ಒಂದೇ ಒಂದು ಎಳೆಯನ್ನು ಬೇರ್ಪಡಿಸುತ್ತಾರೆ. ಅದೇ ವೀರ್ಯನಾಳ. ಚರ್ಮದ ಮೇಲಿಂದ ಒತ್ತಿ ನೋಡಿದರೆ ಗಟ್ಟಿ ದಾರದ ಹಾಗೆ ಬೆರಳಿಗೆ ಸಿಗುತ್ತದೆ. ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವುದು ಬಹುತೇಕ ಎನ್‌ಎಸ್‌ವಿ, ಅಂದರೆ ಚಾಕು ಬಳಸದ ವಿಧಾನ. 1974ರಲ್ಲಿ ಚೀನಾದ ವೈದ್ಯ ಲೀ ಶುನ್‌ಚಿಯಾಂಗ್ ರೂಪಿಸಿದ್ದು. ಚುಚ್ಚುಮದ್ದಿನಿಂದ ಆ ಜಾಗವನ್ನಷ್ಟೇ ಮರಗಟ್ಟಿಸಿ, ಚೂಪು ತುದಿಯ ಸಣ್ಣ ಇಕ್ಕಳದಿಂದ ಚರ್ಮದಲ್ಲಿ ರಂಧ್ರ ಮಾಡಿ, ನಾಳವನ್ನು ಕುಣಿಕೆಯಂತೆ ಹೊರಗೆಳೆದು, ಅದರ ಚಿಕ್ಕ ತುಂಡೊಂದನ್ನು ತೆಗೆದು ತುದಿಗಳನ್ನು ಕಟ್ಟುತ್ತಾರೆ. ಅದೇ ರಂಧ್ರದಿಂದ ಇನ್ನೊಂದು ಬದಿಯದೂ ಮುಗಿಯುತ್ತದೆ. ಇಪ್ಪತ್ತು ನಿಮಿಷದೊಳಗಿನ ಕೆಲಸ, ಹೊಲಿಗೆಯೂ ಬೇಕಿಲ್ಲ. ಅಪಧಮನಿ, ಸಿರೆ, ನರಗಳನ್ನು ಮುಟ್ಟುವುದಿಲ್ಲ. ವೃಷಣ ಮೊದಲಿನ ಹಾಗೆಯೇ ಇರುತ್ತದೆ.

ಟೆಸ್ಟೋಸ್ಟಿರಾನಿಗೂ ವೀರ್ಯನಾಳಕ್ಕೂ ಸಂಬಂಧವೇ ಇಲ್ಲ ಎಂಬುದು ಇಲ್ಲಿ ತಿಳಿಯಬೇಕಾದ ಸಂಗತಿ. ವೃಷಣದೊಳಗೆ ವೀರ್ಯಾಣು ತಯಾರಾಗುವ ಸಣ್ಣ ಸಣ್ಣ ನಳಿಕೆಗಳಿವೆ. ಆ ನಳಿಕೆಗಳ ನಡುವಿನ ಸಂದಿಯಲ್ಲಿ ಲೇಡಿಗ್ ಎಂಬ ಕೋಶಗಳಿವೆ. ಹಾರ್ಮೋನು ಮಾಡುವುದು ಈ ಕೋಶಗಳು, ಅದೂ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಅಪ್ಪಣೆಯಂತೆ. ತಯಾರಾದ ಹಾರ್ಮೋನು ನೇರವಾಗಿ ರಕ್ತಕ್ಕೆ ಸೇರಿ ಮೈಯೆಲ್ಲ ಹರಡುತ್ತದೆ. ನಾಳ ಕಟ್ಟಿದರೂ ಆ ದಾರಿ ತೆರೆದೇ ಇರುತ್ತದೆ. ಗಡ್ಡ ಉದುರುವುದಿಲ್ಲ, ದನಿ ಬದಲಾಗುವುದಿಲ್ಲ, ತೋಳಿನ ಬಲ ಕುಗ್ಗುವುದಿಲ್ಲ.

ಇದಕ್ಕೆ ಸಾಕ್ಷಿಯೂ ದನಗಳಲ್ಲೇ ಸಿಗುತ್ತದೆ, ಆದರೆ ಊರಿನ ಕೊಟ್ಟಿಗೆಯಲ್ಲಲ್ಲ, ದೊಡ್ಡ ಡೈರಿ ಫಾರ್ಮುಗಳಲ್ಲಿ. ಎಮ್ಮೆ ಬೆದೆಗೆ ಬಂದರೂ ಹಲವು ಸಲ ಹೊರಗೆ ಗೊತ್ತಾಗುವುದಿಲ್ಲ. ಅದನ್ನು ಪತ್ತೆ ಮಾಡಲು ಫಾರ್ಮಿನವರು ಒಂದು ಗಂಡನ್ನು ಮಂದೆಯಲ್ಲಿ ಬಿಡುತ್ತಾರೆ. ಅದು ಬೆದೆಯ ವಾಸನೆ ಹಿಡಿಯಬೇಕು, ಹಾರಬೇಕು, ಆದರೆ ಗಬ್ಬ ಕಟ್ಟಿಸಬಾರದು. ಗಬ್ಬಕ್ಕೆ ಒಳ್ಳೆಯ ತಳಿಯ ವೀರ್ಯದ ಇಂಜೆಕ್ಷನ್ ಇದೆ. ಇಂಥ ಗಂಡಿಗೆ ಮಾಡಿಸುವ ಆಪರೇಷನ್ ಯಾವುದು? ವ್ಯಾಸೆಕ್ಟಮಿಯೇ. ಬೀಜ ಒಡೆಸಿದ ಎತ್ತು ಈ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಅದಕ್ಕೆ ಆಸೆಯೇ ಇರುವುದಿಲ್ಲ. ನಾಳ ಕಟ್ಟಿದ ಗಂಡಿಗೆ ಆಸೆಯೂ ಇದೆ, ಶಕ್ತಿಯೂ ಇದೆ, ಸಂತಾನವೊಂದಿಲ್ಲ. ಊರ ಜಗಲಿಯಲ್ಲಿ ಎತ್ತಿನ ಕಥೆ ಹೇಳುವವರಿಗೆ ಈ ಹೋರಿಯ ಕಥೆಯನ್ನೂ ಹೇಳಬೇಕು.

ಇತಿಹಾಸದಲ್ಲಿ ಇದಕ್ಕಿಂತ ಮೋಜಿನ ಅಧ್ಯಾಯವೊಂದಿದೆ. ಸರಿಸುಮಾರು ನೂರು ವರ್ಷದ ಹಿಂದೆ ಇದೇ ಆಪರೇಷನ್ನನ್ನು ಜನ ಪೌರುಷ ಹೆಚ್ಚಿಸಿಕೊಳ್ಳಲು ಮಾಡಿಸಿಕೊಳ್ಳುತ್ತಿದ್ದರು. ನಾಳ ಕಟ್ಟಿದರೆ ವೀರ್ಯಾಣುವಿನ ಉತ್ಪಾದನೆ ನಿಂತು ಹಾರ್ಮೋನಿನ ಕೋಶಗಳು ಹುಲುಸಾಗಿ ಬೆಳೆಯುತ್ತವೆ, ಮುದುಕನಿಗೂ ಹರೆಯ ಮರಳುತ್ತದೆ ಎಂದು ವಿಯೆನ್ನಾದ ವಿಜ್ಞಾನಿ ಓಯ್ಗನ್ ಸ್ಟೈನಾಖ್ ವಾದಿಸಿದ. ಮನಶ್ಶಾಸ್ತ್ರಜ್ಞ ಫ್ರಾಯ್ಡ್ 1923ರಲ್ಲಿ, ಐರಿಷ್ ಕವಿ ಯೇಟ್ಸ್ 1934ರಲ್ಲಿ ಈ ಚಿಕಿತ್ಸೆ ಮಾಡಿಸಿಕೊಂಡರು. ಯೇಟ್ಸ್‌ಗಂತೂ ಹೊಸ ಹುರುಪು ಬಂದಂತಾಯಿತು. ಆದರೆ ಸ್ಟೈನಾಖನ ಸಿದ್ಧಾಂತ ನಿಲ್ಲಲಿಲ್ಲ, ಹಾರ್ಮೋನು ಹಾಗೆ ಉಕ್ಕಿ ಬರುವುದಿಲ್ಲ. ಅಂದು ‘ಬಲ ಬರುತ್ತದೆ’ ಎಂದು ನಂಬಿದವರಿಗೆ ಬಲ ಬಂತು, ಇಂದು ‘ಬಲ ಹೋಗುತ್ತದೆ’ ಎಂದು ನಂಬಿದವರಿಗೆ ಹೋಗುತ್ತದೆ. ನಾಳದ ಪಾತ್ರ ಎರಡರಲ್ಲೂ ಇಲ್ಲ.

ಇನ್ನು ನಿಮಿರುವಿಕೆಯ ಪ್ರಶ್ನೆ. ಅದು ನಡೆಯುವುದು ರಕ್ತದಿಂದ, ನರಗಳಿಂದ. ಆಸೆ ಹುಟ್ಟಿದಾಗ ಬೆನ್ನುಹುರಿಯ ಕೆಳಭಾಗದಿಂದ ಹೊರಡುವ ನರಗಳು ಶಿಶ್ನದ ರಕ್ತನಾಳಗಳನ್ನು ಸಡಿಲಿಸುತ್ತವೆ, ಒಳಗಿನ ಸ್ಪಂಜಿನಂಥ ಭಾಗ ರಕ್ತ ತುಂಬಿಕೊಂಡು ಗಟ್ಟಿಯಾಗುತ್ತದೆ. ಈ ನರಗಳು ಹೊಟ್ಟೆಯ ತಳದಲ್ಲಿ, ಪ್ರಾಸ್ಟೇಟ್ ಗ್ರಂಥಿಯ ಪಕ್ಕದಲ್ಲಿ ಹಾದುಹೋಗುತ್ತವೆ. ಪ್ರಾಸ್ಟೇಟ್ ಕ್ಯಾನ್ಸರಿನ ಆಪರೇಷನ್ನಿನಲ್ಲಿ ಅವಕ್ಕೆ ಪೆಟ್ಟಾಗಬಹುದು ನಿಜ. ಎನ್‌ಎಸ್‌ವಿಯ ರಂಧ್ರ ಇರುವುದು ವೃಷಣಚೀಲದಲ್ಲಿ. ಆ ನರಗಳು ಅಲ್ಲಿ ಇಲ್ಲವೇ ಇಲ್ಲ.

ಸ್ಖಲನವೂ ಎಂದಿನಂತೆಯೇ. ಹೊರಬರುವ ದ್ರವದ ಬಹುಪಾಲು ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಗಳದ್ದು, ನಾಳ ಕಟ್ಟುವ ಜಾಗಕ್ಕಿಂತ ಮುಂದೆ ಸೇರಿಕೊಳ್ಳುವಂಥದ್ದು. ವೃಷಣದ ಕಡೆಯಿಂದ ಬರುವ ಪಾಲು ನೂರಕ್ಕೆ ಐದರಷ್ಟೂ ಇಲ್ಲ. ಆದ್ದರಿಂದ ಪ್ರಮಾಣದಲ್ಲೋ ಬಣ್ಣದಲ್ಲೋ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, ಸುಖದಲ್ಲೂ ಇಲ್ಲ. ಒಳಗೆ ಉಳಿದ ವೀರ್ಯಾಣುಗಳು ಕೊಳೆತು ವಿಷವಾಗುತ್ತವೆಂಬ ಮಾತೂ ಇದೆ. ಅವು ಸತ್ತು ದೇಹದಲ್ಲೇ ಕರಗಿಹೋಗುತ್ತವೆ; ಹಳೆಯ ಕೋಶಗಳನ್ನು ಕರಗಿಸಿಕೊಳ್ಳುವುದು ದೇಹಕ್ಕೆ ದಿನದ ಕೆಲಸ.

ಹಾಗಿದ್ದರೂ ‘ಆಪರೇಷನ್ ಆದ ಮೇಲೆ ನನಗೆ ಆಗುತ್ತಿಲ್ಲ ಡಾಕ್ಟ್ರೇ’ ಎಂದು ಬರುವ ಗಂಡಸರು ಇದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಇಂಥವರಲ್ಲಿ ವೈದ್ಯರು ಏನು ಹುಡುಕುತ್ತಾರೆ ಎಂಬುದನ್ನು ಕಾಣಲು ಒಂದು ಕೇಸನ್ನು ಕಲ್ಪಿಸಿಕೊಳ್ಳೋಣ. ಮೂವತ್ತೈದಕ್ಕೆ ಎನ್‌ಎಸ್‌ವಿ ಮಾಡಿಸಿಕೊಂಡ ಲಾರಿ ಚಾಲಕನಿಗೆ ಈಗ ನಲವತ್ತೆರಡು. ಒಂದು ವರ್ಷದಿಂದ ನಿಮಿರುವಿಕೆ ಕುಂದಿದೆ. ವೈದ್ಯರ ಮೊದಲ ಪ್ರಶ್ನೆ ‘ಯಾವಾಗಿಂದ?’ ಆಪರೇಷನ್ನಿಗೂ ತೊಂದರೆಗೂ ನಡುವೆ ಆರು ಒಳ್ಳೆಯ ವರ್ಷಗಳಿವೆ, ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಎರಡನೆಯ ಪ್ರಶ್ನೆ ‘ಬೆಳಗಿನ ಜಾವ ಎದ್ದಾಗ ತಾನಾಗಿ ನಿಮಿರಿರುತ್ತದೆಯೇ?’ ಇರುತ್ತದೆಂದರೆ ರಕ್ತನಾಳವೂ ನರವೂ ಸರಿಯಾಗಿವೆ, ಅಡ್ಡಿ ಹೆಚ್ಚಾಗಿ ಮನಸ್ಸಿನದು. ಇವನಿಗೆ ಅದೂ ಕಡಿಮೆಯಾಗಿದೆ. ಬೀಡಿ ಸೇದುತ್ತಾನೆ, ರಾತ್ರಿ ಮೂರು ಸಲ ಮೂತ್ರಕ್ಕೆ ಏಳುತ್ತಾನೆ. ರಕ್ತ ಪರೀಕ್ಷೆ ಮಾಡಿಸಿದರೆ ಖಾಲಿ ಹೊಟ್ಟೆಯ ಸಕ್ಕರೆ 190. ಬೆಳಗ್ಗೆ ಎಂಟಕ್ಕೆ ತೆಗೆದ ರಕ್ತದಲ್ಲಿ ಟೆಸ್ಟೋಸ್ಟಿರಾನ್ ಸಹಜ ಮಟ್ಟದಲ್ಲೇ ಇದೆ. ಈ ಹಾರ್ಮೋನು ಬೆಳಗ್ಗೆ ಹೆಚ್ಚು, ಸಂಜೆಗೆ ಇಳಿಯುವುದರಿಂದ ಪರೀಕ್ಷೆಯನ್ನು ಬೆಳಗ್ಗೆಯೇ ಮಾಡಿಸಬೇಕು.

ಇವನ ರೋಗ ಸಕ್ಕರೆ ಕಾಯಿಲೆ. ಅದು ಸಣ್ಣ ರಕ್ತನಾಳಗಳನ್ನೂ ನರಗಳನ್ನೂ ಕೆಡಿಸುತ್ತದೆ, ಬೀಡಿ ಅದಕ್ಕೆ ಜೊತೆಯಾಗಿದೆ. ಶಿಶ್ನದ ರಕ್ತನಾಳಗಳು ಹೃದಯದವುಗಳಿಗಿಂತ ಸಪೂರ. ಆದ್ದರಿಂದ ಕೆಲವರಲ್ಲಿ ಹೃದಯದ ತೊಂದರೆ ಕಾಣಿಸಿಕೊಳ್ಳುವ ಮೊದಲೇ ಇಲ್ಲಿ ಸೂಚನೆ ಸಿಗುತ್ತದೆ. ಎಲ್ಲವನ್ನೂ ಹಳೆಯ ಆಪರೇಷನ್ನಿನ ಮೇಲೆ ಹೊರಿಸಿ ಸುಮ್ಮನಿದ್ದಿದ್ದರೆ ಆ ಸಕ್ಕರೆ ಪತ್ತೆಯಾಗುತ್ತಲೇ ಇರಲಿಲ್ಲ. ಬಿಪಿಯ ಕೆಲವು ಮಾತ್ರೆ, ಖಿನ್ನತೆಯ ಮಾತ್ರೆ, ಕುಡಿತ ಇವೂ ಇದೇ ಸಾಲಿನವು. ವಯಸ್ಸಾದಂತೆ ಟೆಸ್ಟೋಸ್ಟಿರಾನ್ ನಿಧಾನಕ್ಕೆ ಇಳಿಯುವುದು ಆಪರೇಷನ್ ಆಗದವರಿಗೂ ಇದ್ದದ್ದೇ.

ತೊಂದರೆ ಆಪರೇಷನ್ ಆದ ಮೊದಲ ವಾರಗಳಲ್ಲೇ ಶುರುವಾಗಿ, ಬೆಳಗಿನ ನಿಮಿರುವಿಕೆ ಮಾತ್ರ ಚೆನ್ನಾಗಿದ್ದರೆ ಕಥೆ ಬೇರೆ. ‘ಆಗುತ್ತದೋ ಇಲ್ಲವೋ’ ಎಂದು ತನ್ನನ್ನೇ ಪರೀಕ್ಷೆಗೆ ಹಚ್ಚಿಕೊಂಡ ಗಂಡಸಿನ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ಅದು ರಕ್ತನಾಳಗಳನ್ನು ಬಿಗಿಯುತ್ತದೆ. ಒಮ್ಮೆ ಸೋತವನು ಮರುದಿನ ಇನ್ನಷ್ಟು ಹೆದರುತ್ತಾನೆ. ನಮ್ಮ ದೇಶದಲ್ಲಿ ಈ ಅಂಜಿಕೆಗೆ ಹಳೆಯ ಬೇರೂ ಇದೆ. ತುರ್ತು ಪರಿಸ್ಥಿತಿಯ 1976-77ರ ಒಂದೇ ವರ್ಷದಲ್ಲಿ ಸುಮಾರು 62 ಲಕ್ಷ ಗಂಡಸರಿಗೆ ಈ ಆಪರೇಷನ್ ಆಯಿತು, ಎಷ್ಟೋ ಜನರಿಗೆ ಬಲವಂತವಾಗಿ. ಇಷ್ಟವಿಲ್ಲದೆ ಮಾಡಿಸಿಕೊಂಡವನಿಗೆ ಆಸೆ ಉಡುಗಿದ್ದರೆ ಆಶ್ಚರ್ಯವೇನು? ಅವರ ಸಂಕಟದ ಕಥೆಗಳೇ ಆಪರೇಷನ್ನಿನ ಗುಣವೆಂಬಂತೆ ಮುಂದಿನ ತಲೆಮಾರಿಗೆ ದಾಟಿಬಂದಿವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನೂರರಲ್ಲಿ ಸುಮಾರು 38 ವಿವಾಹಿತ ಹೆಂಗಸರು ಸಂತಾನಹರಣ ಮಾಡಿಸಿಕೊಂಡವರು. ಗಂಡ ಮಾಡಿಸಿಕೊಂಡಿರುವುದು ಸಾವಿರದಲ್ಲಿ ಮೂವರದ್ದು. ಹೊಟ್ಟೆಯೊಳಗೆ ಕೈಹಾಕುವ ದೊಡ್ಡ ಆಪರೇಷನ್ ಹೆಂಡತಿಗೆ, ಚರ್ಮದ ಕೆಳಗಿನ ಸಣ್ಣದು ಯಾರಿಗೂ ಬೇಡ!

ನಿಜವಾಗಿ ಆಗಬಹುದಾದ ತೊಂದರೆಗಳನ್ನೂ ಮುಚ್ಚಿಡಬಾರದು. ಮೊದಲ ಕೆಲವು ದಿನ ಬಾವು, ನೋವು ಇರುತ್ತದೆ, ನೂರರಲ್ಲಿ ಒಬ್ಬಿಬ್ಬರಿಗೆ ಒಳಗೆ ರಕ್ತ ಹೆಪ್ಪುಗಟ್ಟುವುದು ಅಥವಾ ಸೋಂಕಾಗುವುದು ಉಂಟು. ಬಾವು ದಿನದಿಂದ ದಿನಕ್ಕೆ ಏರಿದರೆ, ಜ್ವರ ಬಂದರೆ, ಕೀವು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಇನ್ನೂ ಮುಖ್ಯವಾದದ್ದು, ನೂರರಲ್ಲಿ ಒಬ್ಬಿಬ್ಬರಿಗೆ ವೃಷಣದ ನೋವು ತಿಂಗಳುಗಟ್ಟಲೆ ಉಳಿದು ದಿನದ ಬದುಕಿಗೇ ಅಡ್ಡಿಯಾಗುತ್ತದೆ. ಸ್ಖಲನದ ಹೊತ್ತಿಗೆ ನೋವಾಗುವವನಿಗೆ ಕ್ರಮೇಣ ಆಸೆಯೇ ಬೇಡವಾಗಬಹುದು. ಲೈಂಗಿಕ ಬದುಕು ಈ ಆಪರೇಷನ್ನಿನಿಂದ ಕೆಡುವ ನಿಜವಾದ ದಾರಿ ಇದು, ಹಾರ್ಮೋನಿನದಲ್ಲ, ನೋವಿನದು. ಇದಕ್ಕೆ ಚಿಕಿತ್ಸೆ ಇದೆ, ಮೂತ್ರರೋಗ ತಜ್ಞರನ್ನು ಕಾಣಬೇಕು.

ನೋವು ಪೂರ್ತಿ ಇಳಿದ ಮೇಲೆ, ಸಾಮಾನ್ಯವಾಗಿ ಒಂದು ವಾರದ ಬಳಿಕ, ಗಂಡಹೆಂಡಿರು ಕೂಡಬಹುದು. ಮೊದಲ ಒಂದೆರಡು ಸಲ ವೀರ್ಯದಲ್ಲಿ ತುಸು ರಕ್ತ ಕಂಡರೆ ಗಾಬರಿ ಬೇಡ. ಆದರೆ ನಾಳದ ಮುಂಭಾಗದಲ್ಲಿ ಹಳೆಯ ವೀರ್ಯಾಣುಗಳು ಉಳಿದಿರುತ್ತವೆ. ಆದ್ದರಿಂದ ಮೂರು ತಿಂಗಳು ಕಾಂಡೋಮ್ ಬಿಡುವಂತಿಲ್ಲ. ಆಮೇಲೆ ವೀರ್ಯ ಪರೀಕ್ಷೆಯಲ್ಲಿ ವೀರ್ಯಾಣು ಇಲ್ಲವೆಂದು ಗೊತ್ತಾದರೆ ಮಾತ್ರ ಆಪರೇಷನ್ ಫಲಿಸಿತೆಂದು ಅರ್ಥ. ಈ ಪರೀಕ್ಷೆ ತಪ್ಪಿಸಿಕೊಂಡವನ ಹೆಂಡತಿ ಗರ್ಭಿಣಿಯಾದಾಗ ಅವಳ ಮೇಲೆ ಅನುಮಾನ ಬಿದ್ದು ಮನೆ ಒಡೆಯುವುದುಂಟು. ಪರೀಕ್ಷೆ ಸರಿಯಾಗಿ ಬಂದ ಮೇಲೂ ಎರಡು ಸಾವಿರದಲ್ಲಿ ಒಬ್ಬರಿಗೆ ನಾಳ ತಾನಾಗಿ ಕೂಡಿಕೊಂಡು ಗರ್ಭ ನಿಲ್ಲಬಹುದು ಎಂಬುದನ್ನು ಗಂಡಹೆಂಡತಿ ಇಬ್ಬರೂ ಮೊದಲೇ ತಿಳಿದಿರಬೇಕು. ನಿಮಿರುವಿಕೆಯ ತೊಂದರೆ ಮೊದಲಿನಿಂದಲೂ ಇದ್ದವರು ಅದನ್ನು ಆಪರೇಷನ್ನಿಗೆ ಮುಂಚೆಯೇ ವೈದ್ಯರಿಗೆ ಹೇಳಿ ಕೇಸ್ ಶೀಟಿನಲ್ಲಿ ಬರೆಸುವುದು ಒಳ್ಳೆಯದು. ಮುಂದೆ ಯಾವುದು ಹಳೆಯದು, ಯಾವುದು ಹೊಸದು ಎಂಬ ಪ್ರಶ್ನೆ ಬಂದಾಗ ಆ ಹಾಳೆ ನೆರವಿಗೆ ಬರುತ್ತದೆ.