ಹೊಲಿಗೆಗೆ ಮುಂಚಿನ ಸಾಲು

ತಾಲ್ಲೂಕು ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ರಾತ್ರಿ ಪಾಳಿಯ ವೈದ್ಯರು ಎಂಎಲ್‌ಸಿ ರಿಜಿಸ್ಟರಿನಲ್ಲಿ ಗೀಚಿದ್ದು ಇಷ್ಟೇ ಎಂದುಕೊಳ್ಳಿ: ‘ದೊಣ್ಣೆಯಿಂದ ಹೊಡೆದರಂತೆ. ತಲೆಗೆ ಕಟ್, ನಾಲ್ಕು ಹೊಲಿಗೆ. ಎಡ ಮುಂಗೈ ಊತ, ಎಕ್ಸ್‌ರೇ ಮಾಡಿಸಿ.’ ಕೆಲವು ದಿನ ಕಳೆದ ಮೇಲೆ ಠಾಣೆಯ ಪೇದೆ ಕೋರಿಕೆ ಪತ್ರ ಹಿಡಿದು ಬರುತ್ತಾರೆ. ಈ ಮೂರು ಸಾಲಿನಿಂದ ವೂಂಡ್ ಸರ್ಟಿಫಿಕೇಟ್ ಎದ್ದುನಿಲ್ಲಬೇಕು.

ಆ ಸರ್ಟಿಫಿಕೇಟಿನ ಕೊನೆಯ ಕಲಂ ಕಾನೂನು ಕೊಟ್ಟದ್ದು. ಗಾಯ ಸಾದಾ ಸ್ವರೂಪದ್ದೋ ತೀವ್ರ ಸ್ವರೂಪದ್ದೋ ಎಂದು ಅದು ಕೇಳುತ್ತದೆ. 1860ರ ದಂಡ ಸಂಹಿತೆಯ 320ನೇ ಸೆಕ್ಷನ್ ಎಂಟು ಬಗೆಯ ಪೆಟ್ಟನ್ನು ತೀವ್ರ ಎಂದಿತ್ತು. ಮೂಳೆ ಮುರಿತ ಅದರಲ್ಲೊಂದು. 20 ದಿನ ತೀವ್ರವಾಗಿ ನರಳುವಂಥ ಗಾಯವೂ ಆ ಪಟ್ಟಿಯಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 116ನೇ ಸೆಕ್ಷನ್ ಪಟ್ಟಿಯನ್ನು ಉಳಿಸಿಕೊಂಡು 20 ದಿನವನ್ನು 15ಕ್ಕೆ ಇಳಿಸಿತು.

ಆ ಕಲಮಿಗೆ ಹೋಗುವ ಮೊದಲು ವರ್ಣನೆ ಕ್ರಮವಾಗಿ ಬರಬೇಕು: ಮೊದಲು ಗಾಯದ ಬಗೆ, ಆಮೇಲೆ ಉದ್ದ, ಅಗಲ, ಆಳ, ಬಳಿಕ ಜಾಗ, ಕೊನೆಗೆ ಅಂಚು ಮತ್ತು ಬಣ್ಣ. ‘ತಲೆಗೆ’ ಎಂದರೆ ಜಾಗ ಹೇಳಿದಂತಾಗುವುದಿಲ್ಲ. ಕಿವಿ, ಹುಬ್ಬಿನಂಥ ಕದಲದ ಗುರುತಿನಿಂದ ಅಳೆದು ಬರೆಯಬೇಕು.

ನಮ್ಮ ಪ್ರಕರಣದಲ್ಲಿ ಮೊದಲ ತೊಡಕೇ ‘ಕಟ್’. ಅದನ್ನು ಹಾಗೆಯೇ ನಂಬಿ ಹರಿತ ಆಯುಧದಿಂದ ಕೊಯ್ದ ಗಾಯ ಎಂದು ಬರೆದರೆ, ಒಂದು ವರ್ಷದವರೆಗೆ ಶಿಕ್ಷೆಯ 115ನೇ ಸೆಕ್ಷನ್ ಬಿಟ್ಟು, ಮೂರು ವರ್ಷದವರೆಗಿನ 118ಕ್ಕೆ ಕೇಸು ಹೊರಳಬಹುದು. ನೆತ್ತಿಯಲ್ಲಿ ಚರ್ಮದ ಕೆಳಗೇ ಮೂಳೆಯಿರುವುದರಿಂದ ದೊಣ್ಣೆಯ ಏಟಿಗೂ ಚರ್ಮ ಕತ್ತಿಯಲ್ಲಿ ಕೊಯ್ದಂತೆ ನೇರವಾಗಿ ಬಿರಿಯುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಮಾತ್ರ ಅಂಚು ಒರಟಾಗಿರುತ್ತದೆ, ಕೂದಲ ಬುಡ ಜಜ್ಜಿರುತ್ತದೆ, ಗಾಯದ ಆಳದಲ್ಲಿ ಸಣ್ಣ ಎಳೆಗಳು ಈ ದಡದಿಂದ ಆ ದಡಕ್ಕೆ ಹಾದಿರುತ್ತವೆ. ಹರಿತವಾದ ಅಲಗು ಅಂಥ ಎಳೆಗಳನ್ನು ಉಳಿಸುವುದಿಲ್ಲ. ಹೊಲಿಗೆ ಬಿದ್ದ ಮೇಲೆ ಇದೊಂದೂ ಕಾಣದು.

ಅದೃಷ್ಟಕ್ಕೆ ಕೇಸ್ ಶೀಟಿನಲ್ಲಿ, ಹೊಲಿದವರೇ ಬರೆದ ಟಿಪ್ಪಣಿ ಇದೆ ಎನ್ನಿ. ಸರ್ಟಿಫಿಕೇಟ್ ಹೆಚ್ಚಾಗಿ ಇಂಗ್ಲಿಷಿನದು. ಕನ್ನಡಕ್ಕೆ ಇಳಿಸಿದರೆ ಮೊದಲ ಗಾಯ ಹೀಗಾಗುತ್ತದೆ: ‘ಹರಿದ ಗಾಯ, 4 × 1 ಸೆಂ.ಮೀ., ಮೂಳೆಯವರೆಗೆ ಆಳ, ನೆತ್ತಿಯ ಎಡಭಾಗದಲ್ಲಿ, ಎಡಕಿವಿಯ ಮೇಲ್ತುದಿಯಿಂದ 6 ಸೆಂ.ಮೀ. ಮೇಲೆ, ಅಂಚು ಒರಟು.’ ಟಿಪ್ಪಣಿ ಇಲ್ಲದಿದ್ದರೆ ‘ಹೊಲಿದ ಗಾಯ, ಆಳ, ಅಂಚು ದಾಖಲಾಗಿಲ್ಲ’ ಎಂದೇ ಬರೆಯಬೇಕು. ಊಹಿಸಿ ತುಂಬಿದ ಅಳತೆ ಪಾಟೀಸವಾಲಿನಲ್ಲಿ ನಿಲ್ಲದು.

ಎರಡನೆಯದು ಮುಂಗೈ ಊತ. ಎಕ್ಸ್‌ರೇ ವರದಿ ಬರುವ ತನಕ ಅಭಿಪ್ರಾಯ ಕಾಯ್ದಿರಿಸುವುದೇ ಸರಿ. ಅಲ್ನಾ ಮೂಳೆ ಮುರಿದಿದೆ ಎಂದು ವರದಿ ಬಂದರೆ ಮೊದಲ ಗಾಯ ಸಾದಾ, ಎರಡನೆಯದು ತೀವ್ರ. ಏಟು ತಡೆಯಲು ಕೈ ಎತ್ತಿದವರಲ್ಲಿ ಮುರಿಯುವುದು ಹೆಚ್ಚಾಗಿ ಅದೇ ಮೂಳೆ. ಆಯುಧದ ಕಲಮಿನಲ್ಲಿ ‘ಮೊಂಡು ವಸ್ತುವಿನಿಂದ ಆಗಿರಬಹುದು’ ಎಂದಷ್ಟೇ ಬರಬೇಕು. ದೊಣ್ಣೆ ಎಂಬುದು ಗಾಯಾಳು ಹೇಳಿದ ಮಾತು, ಅದರ ಜಾಗ ಹೇಳಿಕೆಯ ಕಲಂ.

ಎಕ್ಸ್‌ರೇ ಫಿಲ್ಮಿನ ಮೇಲೆ ಎಂಎಲ್‌ಸಿ ನಂಬರ್ ಇಲ್ಲದಿದ್ದರೆ ಅದು ಬೇರೆಯವರ ಕೈಯದು ಎಂದು ಎದುರು ವಕೀಲರು ವಾದಿಸಬಹುದು. ಗಾಯಾಳುವಿನ ಕಡೆಯವರು ಅಂದು ರಾತ್ರಿಯೇ ಆ ನಂಬರನ್ನು ಕೇಳಿ ಬರೆದಿಟ್ಟುಕೊಳ್ಳಿ.