ಎಂಟು ಗಂಟೆಯ ಔಷಧವೂ ತಡವಾಗಿ ಬರುವ ಸಹೋದ್ಯೋಗಿಯೂ

ಆಸ್ಪತ್ರೆಯ ವಾರ್ಡಿನಲ್ಲಿ ರಾತ್ರಿಯ ಪಾಳಿ ಮುಗಿದು ಬೆಳಗಿನ ಪಾಳಿ ಆರಂಭವಾಗುವ ಸಂಧಿಕಾಲವು, ಹೊರಗಿನವರ ಕಣ್ಣಿಗೆ ಬರಿಯ ಜನ ಬದಲಾಗುವ ಗಳಿಗೆಯಾಗಿ ಕಂಡರೂ, ರೋಗಿಯ ಪಾಲಿಗೆ ಬಹು ಸೂಕ್ಷ್ಮವಾದುದು. ಯಾರಿಗೆ ರಾತ್ರಿ ಜ್ವರವೇರಿತು, ಯಾರ ಡ್ರಿಪ್ ಎಷ್ಟು ಉಳಿದಿದೆ, ಯಾರನ್ನು ಶಸ್ತ್ರಚಿಕಿತ್ಸೆಗಾಗಿ ಉಪವಾಸವಿರಿಸಲಾಗಿದೆ ಎಂಬಿವನ್ನೆಲ್ಲ ಹೋಗುವ ನರ್ಸು ಬರುವ ನರ್ಸಿಗೆ ಹಾಸಿಗೆಯ ಬಳಿಯಲ್ಲಿಯೇ ನಿಂತು ಒಪ್ಪಿಸತಕ್ಕದ್ದು. ಬೀಗದ ಕಪಾಟಿನಲ್ಲಿರುವ ಮಾರ್ಫಿನ್‌ನಂತಹ ಔಷಧಗಳನ್ನು ಇಬ್ಬರೂ ಕೂಡಿ ಎಣಿಸಿ ರುಜು ಹಾಕತಕ್ಕದ್ದು. ಎಂಟು ಗಂಟೆಗೆ ಬರಬೇಕಾದವರು ಪದೇ ಪದೇ 8:20ಕ್ಕೋ 8:25ಕ್ಕೋ ಬಂದುದಾದರೆ, ರಾತ್ರಿಯೆಲ್ಲ ಎಚ್ಚರವಿದ್ದಾಕೆಗೆ ಮನೆಯ ಬಸ್ಸು ತಪ್ಪುವುದರ ಜೊತೆಗೆ, ಎಂಟು ಗಂಟೆಯ ಆಂಟಿಬಯಾಟಿಕ್ ಯಾರ ಹೊಣೆಯೆಂಬುದೇ ಅಸ್ಪಷ್ಟವಾಗುತ್ತದೆ. ಬರುವವಳು ಕೊಟ್ಟಾಳೆಂದು ಹೋಗುವವಳು ಬಿಟ್ಟರೆ ಔಷಧ ತಪ್ಪೀತು. ತಾನೇ ಕೊಟ್ಟು ಅವಸರದಲ್ಲಿ ಚಾರ್ಟಿನಲ್ಲಿ ಬರೆಯದೆ ಹೊರಟರೆ ಅದೇ ಔಷಧ ಎರಡು ಬಾರಿ ಬಿದ್ದೀತು.

ಇದನ್ನು ವಾರ್ಡಿನ ಇನ್‌ಚಾರ್ಜ್ ಸಿಸ್ಟರಿಗೆ ತಿಳಿಸುವುದು ಚಾಡಿಯಾಗುವುದೋ ಇಲ್ಲವೋ ಎಂಬುದು, ನನ್ನ ಅಭಿಪ್ರಾಯದಲ್ಲಿ, ವಾಕ್ಯದ ಕರ್ತೃಸ್ಥಾನದಲ್ಲಿ ಏನನ್ನು ಕೂರಿಸುತ್ತೇವೆ ಎಂಬುದನ್ನು ಅವಲಂಬಿಸಿದೆ. ‘ಅವಳಿಗೆ ಜವಾಬ್ದಾರಿಯೇ ಇಲ್ಲ’ ಎಂದರೆ ಸಹೋದ್ಯೋಗಿಯ ಸ್ವಭಾವದ ಮೇಲಿನ ತೀರ್ಪು. ‘ಎಂಟು ಗಂಟೆಯ ಔಷಧ ನನ್ನ ಕೈಯಲ್ಲೇ ಉಳಿಯುತ್ತಿದೆ’ ಎಂದರೆ ತನ್ನ ಕೆಲಸದ ವರದಿ. ಆದರೆ ಈ ಎರಡನೆಯ ಮಾತನ್ನಾಡುವ ಅಧಿಕಾರ ಬರಬೇಕಾದರೆ, ಮೊದಲು ಅದನ್ನು ತಡವಾಗಿ ಬರುವಾಕೆಗೇ ಹೇಳಿರಬೇಕು. ಮಗುವನ್ನು ಶಾಲೆಯ ವ್ಯಾನಿಗೆ ಹತ್ತಿಸಿ ಹೊರಡುವುದರಿಂದಲೋ, ಊರಿನಿಂದ ಬರುವ ಮೊದಲನೆಯ ಬಸ್ಸೇ ತಡವಾದುದರಿಂದಲೋ ಆಕೆ ಹಿಂದಾಗುತ್ತಿರಬಹುದು. ಅದನ್ನು ವಿಶ್ವಾಸದಿಂದ ಹೇಳಿಕೊಂಡಿದ್ದರೆ ಆ ಕಾರಣ ಆಕೆಯ ಸ್ವತ್ತು, ಆಕೆಯ ಒಪ್ಪಿಗೆಯಿಲ್ಲದೆ ಅದನ್ನು ಇನ್ನೊಬ್ಬರ ಮುಂದಿಡುವುದು, ಕನಿಕರದಿಂದಲೇ ಆದರೂ, ಸಲ್ಲದು.

ಹೇಳಿದ ಮೇಲೂ ಬದಲಾಗದಿದ್ದರೆ ಸಮಯವನ್ನು ಆರಿಸಿಕೊಳ್ಳಬೇಕಾಗುತ್ತದೆ. ನಾನು ಬಹಳ ಮಹತ್ವ ಕೊಡುವುದು ಇದಕ್ಕೆ. ರಾತ್ರಿಪಾಳಿಯ ಕೊನೆಯಲ್ಲಿ, ನಿದ್ದೆಗೆಟ್ಟ ಕಣ್ಣುಗಳಿಂದ, ಡಾಕ್ಟರ ರೌಂಡ್ಸಿನ ಗಡಿಬಿಡಿಯ ನಡುವೆ, ಉಳಿದವರ ಕಿವಿಗೆ ಬೀಳುವಂತೆ ಆಡಿದ ಮಾತು ಎಷ್ಟೇ ಸತ್ಯವಾಗಿದ್ದರೂ ದೂರಿನಂತೆಯೇ ಕೇಳಿಸುತ್ತದೆ. ವಾರ್ಡಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಬರೆಯುವುದಂತೂ ಸರ್ವಥಾ ಕೂಡದು. ಮುಂದಿನ ವಾರದ ಡ್ಯೂಟಿ ಲಿಸ್ಟನ್ನು ಇನ್‌ಚಾರ್ಜ್ ಸಿದ್ಧಪಡಿಸಲು ಕುಳಿತ ಮಧ್ಯಾಹ್ನವೇ ಇದಕ್ಕೆ ಪ್ರಶಸ್ತವಾದ ಕಾಲ. ಏಕೆಂದರೆ ಪಾಳಿಯನ್ನು ಹಿಂದುಮುಂದು ಮಾಡುವ, ಜೋಡಿಯನ್ನು ಬದಲಿಸುವ ಉಪಾಯ ಆಗ ಅವರ ಲೇಖನಿಯ ತುದಿಯಲ್ಲಿಯೇ ಇರುತ್ತದೆ, ಯಾರನ್ನೂ ಕರೆದು ಗದರಿಸುವ ಆವಶ್ಯಕತೆ ಅವರಿಗೆ ಬೀಳುವುದಿಲ್ಲ.

ಮಾತು ಹೀಗಿದ್ದರೆ ಸಾಕು: “ಮೇಡಂ, ಬೆಳಗಿನ ಹ್ಯಾಂಡ್‌ಓವರ್ ಬಗ್ಗೆ ಒಂದು ಕೇಳಬೇಕಿತ್ತು. ಈ ವಾರ ನನ್ನ ನೈಟ್ ಡ್ಯೂಟಿಯಲ್ಲಿ ಮೂರು ದಿನ ರಿಲೀವರ್ ಬಂದಾಗ ಎಂಟೂ ಇಪ್ಪತ್ತು ದಾಟಿತ್ತು. ಎಂಟು ಗಂಟೆ ಡೋಸ್ ನಾನೇ ಕೊಟ್ಟು ಸೈನ್ ಮಾಡಿದೀನಿ. ಅವರ ಹತ್ತಿರ ಒಂದು ಸಲ ಮಾತಾಡಿದೆ. ಲೇಟಾಗಿ ಬರ್ತೀನಿ ಅಂತ ನಿಮ್ಮ ಹತ್ತಿರ ಹೇಳಿದ್ದಾರೋ ಏನೋ ನನಗೆ ಗೊತ್ತಿಲ್ಲ. ಆ ಹೊತ್ತಿನ ಔಷಧ ಯಾರು ಕೊಡಬೇಕು ಅಂತ ನೀವು ಹೇಳಿದರೆ ಹಾಗೇ ಮಾಡ್ತೀನಿ.” ಇಲ್ಲಿ ‘ಯಾವಾಗಲೂ’ ಎಂಬ ಮಾತಿಲ್ಲ, ತಾನು ಕಣ್ಣಾರೆ ಕಂಡ ಮೂರು ದಿನಗಳಿವೆ, ‘ಎಲ್ಲರೂ ಹೇಳುತ್ತಾರೆ’ ಎಂಬ ಸಾಕ್ಷಿಸಮೂಹವಿಲ್ಲ. ಆ ಸಹೋದ್ಯೋಗಿಗೆ ಇನ್‌ಚಾರ್ಜ್ ಮೊದಲೇ ಅರ್ಧ ಗಂಟೆಯ ರಿಯಾಯಿತಿ ಕೊಟ್ಟಿರುವ ಸಂಭವವೂ ಉಂಟಾದ್ದರಿಂದ, ಪ್ರಶ್ನೆಯ ರೂಪದಲ್ಲಿ ಮುಂದಿಟ್ಟ ಈ ಮಾತು ಕೇಳಿದವರನ್ನಾಗಲಿ ಹೇಳಿದವರನ್ನಾಗಲಿ ಮುಜುಗರಕ್ಕೆ ಗುರಿಮಾಡದು.

ಅನೌಪಚಾರಿಕವಾದ ಮಾತಿಗೂ ಒಂದು ಮಿತಿಯುಂಟು. “ಮೆಮೋ ಕೊಡಲಾ?” ಎಂದು ಇನ್‌ಚಾರ್ಜ್ ಕೇಳಿಬಿಟ್ಟರೆ, “ಅದು ನಿಮಗೆ ಬಿಟ್ಟಿದ್ದು ಮೇಡಂ, ನನಗೆ ಹ್ಯಾಂಡ್‌ಓವರ್ ಸರಿಹೋದರೆ ಸಾಕು” ಎಂದು ನಿಲ್ಲಿಸಬೇಕು; ಶಿಕ್ಷೆಯ ಸ್ವರೂಪವನ್ನು ಸೂಚಿಸಹೊರಟ ಕ್ಷಣವೇ, ಅದುವರೆಗೆ ಸಂಯಮದಿಂದ ಆಡಿದ್ದೆಲ್ಲವೂ ಚಾಡಿಯ ಬಣ್ಣ ತಾಳುತ್ತದೆ. ಆದರೆ ಔಷಧವೊಂದು ನಿಜವಾಗಿಯೂ ತಪ್ಪಿಹೋದರೆ, ಅಥವಾ ಕಪಾಟಿನ ಎಣಿಕೆಯಲ್ಲಿ ವ್ಯತ್ಯಾಸ ಬಂದರೆ, ಆಗ ಇಂತಹ ಮೆಲುಮಾತಿಗೆ ಎಡೆಯಿಲ್ಲ. ಅದನ್ನು ಅಂದೇ ಬರವಣಿಗೆಯಲ್ಲಿ ವರದಿ ಮಾಡತಕ್ಕದ್ದು.

ಇನ್ನೊಂದು ಕೆಲಸ ಉಳಿಯುತ್ತದೆ. ಅನೇಕರು ಇದನ್ನೇ ಬಿಟ್ಟುಬಿಡುವರು. ಇನ್‌ಚಾರ್ಜರೊಡನೆ ಮಾತನಾಡಿದ ದಿನವೇ ಸಹೋದ್ಯೋಗಿಯ ಬಳಿಗೂ ಹೋಗಿ, “ಎಂಟು ಗಂಟೆ ಡೋಸ್ ಬಗ್ಗೆ ಇವತ್ತು ಮೇಡಂ ಹತ್ತಿರ ಕೇಳಿದೆ. ನೀವು ಲೇಟಾಗಿ ಬಂದ ಮೂರು ದಿನದ ವಿಷಯ ಹೇಳಿದೀನಿ, ಬೇರೆ ಏನೂ ಹೇಳಿಲ್ಲ” ಎಂದು ತಾನೇ ತಿಳಿಸಬೇಕು. ಆಕೆ ಮುನಿಸಿಕೊಂಡಾಳು, ಕೆಲವು ದಿನ ಮಾತು ಬಿಟ್ಟಾಳು. ಆದರೂ ಮೂರನೆಯವರ ಬಾಯಿಂದ ಬಣ್ಣ ಕಟ್ಟಿಕೊಂಡು ಬಂದ ಸುದ್ದಿಯನ್ನು ಕೇಳುವ ಅವಮಾನ ಆಕೆಗೆ ತಪ್ಪುತ್ತದೆ.