ಅಂಕ ಹಾಕದೆಯೇ ಕೈಬಿಡುವ ಲೆಕ್ಕ

ಹಳೆಯ ಪತ್ರಿಕೆಗಳ ಸಂಗ್ರಹವೊಂದರಲ್ಲಿ ‘ಬೆಂಗಳೂರು ಕಡಲೆಕಾಯಿ ಪರಿಷೆ’ ಎಂದು ಹುಡುಕುತ್ತೀರಿ ಎನ್ನಿ. ಈ ಮೂರರಲ್ಲಿ ಒಂದಾದರೂ ಪದವಿರುವ ಬರಹಗಳು ಲಕ್ಷಗಟ್ಟಲೆ ಇರಬಹುದು. ಪರದೆಗೆ ಬೇಕಾದದ್ದು ಹತ್ತೇ. ಅದಕ್ಕಾಗಿ ಎಲ್ಲ ಬರಹಗಳಿಗೂ ಅಂಕ ಹಾಕಬೇಕಿಲ್ಲ.

ಸರ್ಚ್ ಎಂಜಿನ್ ಪ್ರತಿ ಪದಕ್ಕೂ ಒಂದು ಪಟ್ಟಿ ಇಟ್ಟಿರುತ್ತದೆ. ಆ ಪದ ಇರುವ ಬರಹಗಳ ಸಂಖ್ಯೆಗಳು ಅದರಲ್ಲಿ ಏರಿಕೆಯ ಕ್ರಮದಲ್ಲಿರುತ್ತವೆ. ಒಂದು ಪದ ಒಂದು ಬರಹಕ್ಕೆ ಹೆಚ್ಚೆಂದರೆ ಎಷ್ಟು ಅಂಕ ತರಬಲ್ಲದು ಎಂಬುದೂ ಮೊದಲೇ ಗೊತ್ತಿರುತ್ತದೆ. ನಮ್ಮ ಉದಾಹರಣೆಯಲ್ಲಿ ಎಲ್ಲೆಲ್ಲೂ ಸಿಗುವ ‘ಬೆಂಗಳೂರು’ 1.2, ‘ಕಡಲೆಕಾಯಿ’ 4, ಅಪರೂಪದ ‘ಪರಿಷೆ’ 5 ತರಬಹುದು ಎಂದಿಟ್ಟುಕೊಳ್ಳೋಣ.

ಹುಡುಕಾಟ ಸ್ವಲ್ಪ ದೂರ ಸಾಗಿ, ಈವರೆಗಿನ ಅತ್ಯುತ್ತಮ ಹತ್ತು ಬರಹಗಳು ಕೈಯಲ್ಲಿವೆ. ಹತ್ತನೆಯದರ ಅಂಕ 6.5. ಇದೇ ಹೊಸ್ತಿಲು. ‘ಬೆಂಗಳೂರು’, ‘ಕಡಲೆಕಾಯಿ’ ಎರಡೂ ಕೂಡಿದರೆ ಬರುವುದು 5.2 ಮಾತ್ರ. ಹಾಗಾಗಿ ‘ಪರಿಷೆ’ ಇಲ್ಲದ ಬರಹ ಒಳಗೆ ಬರಲಾರದು. ಎಂಜಿನ್ ನಡುವಿನದನ್ನೆಲ್ಲ ದಾಟಿ, ಮುಂದೆ ‘ಪರಿಷೆ’ ಇರುವ ಬರಹಕ್ಕೇ ಹಾರುತ್ತದೆ. ಆಂಡ್ರೇ ಬ್ರೋಡರ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ‘ವ್ಯಾಂಡ್’ ವಿಧಾನದ ತಿರುಳು ಇದು.

ಅದಕ್ಕೊಂದು ಕೊರತೆಯಿತ್ತು. ಎಲ್ಲೋ ಒಂದು ಬರಹದಲ್ಲಿ ‘ಪರಿಷೆ’ 5 ಅಂಕ ತಂದರೆ, ಇಡೀ ಪಟ್ಟಿಗೂ ಅದೇ ಗರಿಷ್ಠ. 2011ರಲ್ಲಿ ಡಿಂಗ್ ಮತ್ತು ಸುಯೆಲ್ ಪಟ್ಟಿಯನ್ನು ಚಿಕ್ಕ ಬ್ಲಾಕ್‌ಗಳಾಗಿ ಒಡೆದು, ಪ್ರತಿ ಬ್ಲಾಕಿಗೂ ಅದರದೇ ಗರಿಷ್ಠವನ್ನು ಬರೆದಿಟ್ಟರು. ಈಗ ನಾವು ನಿಂತ ಬ್ಲಾಕ್‌ಗಳಲ್ಲಿ ಮೂರು ಪದಗಳ ಗರಿಷ್ಠ 1, 2.5, 2.1 ಎನ್ನಿ. ಒಟ್ಟು 5.6, ಹೊಸ್ತಿಲಿಗಿಂತ ಕಡಿಮೆ. ಆ ಬ್ಲಾಕನ್ನು ಬಿಚ್ಚುವ ಗೋಜೂ ಇಲ್ಲ. ಆದರೆ ಮೂರು ಪಟ್ಟಿಗಳ ಬ್ಲಾಕ್‌ಗಳು ಒಂದೇ ಕಡೆ ಮುಗಿಯುವುದಿಲ್ಲ. ಆದ್ದರಿಂದ ಎಲ್ಲಕ್ಕಿಂತ ಮೊದಲು ಮುಗಿಯುವ ಬ್ಲಾಕಿನ ಅಂಚಿನವರೆಗೆ ಮಾತ್ರ ಹಾರಬಹುದು.

2019ರ ಲುಸೀನ್ 8 ಇದನ್ನು ಅಳವಡಿಸಿಕೊಂಡಿತು. ಅದರಲ್ಲಿ ಒಂದು ಬ್ಲಾಕಿಗೆ 128 ಬರಹಗಳು. ಎಣಿಸದೆ ಹಾರುವುದರಿಂದ ಒಟ್ಟು ಫಲಿತಾಂಶ ಎಷ್ಟೆಂದು ನಿಖರವಾಗಿ ಹೇಳಲು ಬರುವುದಿಲ್ಲ. ಅದೇ ವರ್ಷ ಬಂದ ಎಲಾಸ್ಟಿಕ್‌ಸರ್ಚ್ 7, ಬೇರೆ ಸೂಚನೆ ಕೊಡದಿದ್ದರೆ, 10,000ದವರೆಗೆ ಮಾತ್ರ ನಿಖರವಾಗಿ ಎಣಿಸುತ್ತದೆ.

ಹತ್ತರ ಬದಲು ಸಾವಿರ ಫಲಿತಾಂಶ ಕೇಳಿದರೆ ಹೊಸ್ತಿಲು ತಗ್ಗುತ್ತದೆ, ಉಳಿತಾಯವೂ ಕರಗುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಬೇರೆ: ಬರೆದಿಟ್ಟ ಗರಿಷ್ಠ ನಿಜವಾದ ಅಂಕಕ್ಕಿಂತ ಕಡಿಮೆಯಿದ್ದರೆ ಒಳ್ಳೆಯ ಬರಹವೊಂದು ಸದ್ದಿಲ್ಲದೆ ಕಾಣೆಯಾಗುತ್ತದೆ. ಅದನ್ನು ಹಿಡಿಯುವ ದಾರಿ ಸರಳ. ಕೆಲವು ಪ್ರಶ್ನೆಗಳಿಗೆ ಎಲ್ಲ ಬರಹಗಳಿಗೂ ಅಂಕ ಹಾಕಿಸಿ, ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಗರಿಷ್ಠ ಸರಿಯಿದ್ದರೆ ಮೊದಲ ಹತ್ತರ ಅಂಕಗಳು ಎರಡರಲ್ಲೂ ಒಂದೇ ಆಗಿರುತ್ತವೆ.